ಮೇಲೆ ಮುಂದೆ ಎರಡು ರೂಮು ಕಟ್ಟಬೇಕು ಅಂದರೆ ಇವತ್ತು ಏನೇನು ಮಾಡಿಡಬೇಕು? ಪುಣೆಯ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರ ಜಿಲ್ಲೆಯವನು. ಪುಣೆಯಲ್ಲಿ ಮನೆಗಳ ಸ್ಟ್ರಕ್ಚರಲ್ ಡಿಸೈನ್ ಮಾಡುತ್ತೇನೆ. ಇಲ್ಲಿ ಸೈಟಿಗೆ ಹೋದರೆ ಗೌಂಡಿ, ಬಾರ್ ಬೆಂಡರ್, ಸೆಂಟ್ರಿಂಗ್‌ನವರು ಅಂತ ಎಷ್ಟೋ ಜನ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರೇ ಸಿಗುತ್ತಾರೆ. ಮನೆ ಕಟ್ಟಿಸುವವರಲ್ಲೂ ನಮ್ಮವರು ಜಾಸ್ತಿ ಆಗುತ್ತಿದ್ದಾರೆ. ಎಲ್ಲರ ಲೆಕ್ಕ ಹೆಚ್ಚುಕಡಿಮೆ ಒಂದೇ. ಈಗ ಕೈಯಲ್ಲಿರುವ ದುಡ್ಡಿಗೆ ಕೆಳಗಿನ ಮನೆ, ಮಕ್ಕಳು ದೊಡ್ಡವರಾದ ಮೇಲೆ ಅಥವಾ ಊರಿಂದ ಅಪ್ಪ ಅಮ್ಮ ಬಂದ ಮೇಲೆ ಮೇಲೆ ಎರಡು ರೂಮು. ಅದಕ್ಕೆ ಬರುವ ಪ್ರಶ್ನೆಗಳೂ ಅವೇ. ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಲೆಕ್ಕಕ್ಕೆ ಒಂದೇ ಮನೆ ಇಟ್ಟುಕೊಳ್ಳುತ್ತೇನೆ: 8 ಮೀಟರ್ ಉದ್ದ, 7 ಮೀಟರ್ ಅಗಲ, ಅಂದರೆ ಸುಮಾರು 600 ಚದರ ಅಡಿ. ಮೂರು ಸಾಲು, ಸಾಲಿಗೆ ಮೂರು ಕಾಲಂ, ಒಟ್ಟು ಒಂಬತ್ತು.

ಈಗ ಒಂದೇ ಮಹಡಿ ತಾನೇ? ಪಾಯ ಈಗಲೇ ಯಾಕೆ ದೊಡ್ಡದು ಮಾಡಬೇಕು?

ಯಾಕೆಂದರೆ ಮುಂದೆ ನಿಮ್ಮ ಕೈಗೆ ಸಿಗದ ಜಾಗ ಅದೊಂದೇ. ಗೋಡೆ ಒಡೆಯಬಹುದು, ಪೈಪು ಬದಲಾಯಿಸಬಹುದು, ವೈರು ಎಳೆಯಬಹುದು. ಆದರೆ ಮನೆಯಲ್ಲಿ ಸಂಸಾರ ನಡೆಯುತ್ತಿರುವಾಗ ನಡುಮನೆಯ ಟೈಲ್ಸ್ ಕಿತ್ತು, ಐದು ಅಡಿ ಅಗೆದು, ಕಾಲಂ ಕೆಳಗೆ ಭಾರ ಹೊತ್ತಿರುವ ಕಾಂಕ್ರೀಟು ಪಾದ, ಅಂದರೆ ಫೂಟಿಂಗ್‌ನ ಸುತ್ತ ಹೊಸ ಕಾಂಕ್ರೀಟು ಹಾಕಿಸುವುದು ಯಾರಿಗೂ ಬೇಡ.

ಲೆಕ್ಕ ನೋಡಿ. ನಮ್ಮ ಮನೆಯ ನಟ್ಟನಡುವಿನ ಕಾಲಂ 4 ಮೀಟರ್ ಉದ್ದ, 3.5 ಮೀಟರ್ ಅಗಲದ ಜಾಗದ ಭಾರ ಹೊರುತ್ತದೆ. ಅಂದರೆ 14 ಚದರ ಮೀಟರ್. ಸ್ಲ್ಯಾಬು, ಬೀಮು, ಗೋಡೆ, ಟೈಲ್ಸು, ಜನ, ಸಾಮಾನು ಎಲ್ಲ ಸೇರಿಸಿ ಒಂದು ಚದರ ಮೀಟರಿಗೆ ಸುಮಾರು 1.2 ಟನ್ ಅಂತ ಮೊದಲ ಅಂದಾಜಿಗೆ ಹಿಡಿಯುತ್ತೇವೆ. ಹಾಗಾದರೆ ಒಂದು ಮಹಡಿಗೆ ಸುಮಾರು 17 ಟನ್, ಎರಡು ಮಹಡಿಗೆ 34 ಟನ್. ಇದರ ಮೇಲೆ ಫೂಟಿಂಗ್‌ನ ಸ್ವಂತ ತೂಕಕ್ಕೆ ಹತ್ತು ಪರ್ಸೆಂಟ್ ಸೇರಿಸಿ. ಕೆಳಗಿನ ಮುರುಮ್, ಅಂದರೆ ಸವೆದ ಕಲ್ಲಿನ ಗಟ್ಟಿ ಪದರ, ಚದರ ಮೀಟರಿಗೆ 15 ಟನ್ ತಡೆಯುತ್ತದೆ ಅಂತ ಇಟ್ಟುಕೊಂಡರೆ ಒಂದು ಮಹಡಿಗೆ 1.1 ಮೀಟರ್ ಚೌಕದ ಫೂಟಿಂಗ್ ಸಾಕು. ಎರಡಕ್ಕೆ 1.6 ಮೀಟರ್ ಚೌಕ ಬೇಕು.

ಭಾರ ಎರಡು ಪಟ್ಟಾಯಿತು, ಫೂಟಿಂಗ್‌ನ ವಿಸ್ತೀರ್ಣವೂ ಎರಡು ಪಟ್ಟಾಯಿತು, ಅಳತೆ ಮಾತ್ರ ಪ್ರತಿ ಬದಿಗೆ ಅರ್ಧ ಮೀಟರ್ ಬೆಳೆಯಿತು. ಅಂಚಿನ ಮತ್ತು ಮೂಲೆಯ ಕಾಲಂಗಳಿಗೆ ಭಾರ ಕಡಿಮೆ, ಅಲ್ಲಿ ಬೆಳೆಯುವುದೂ ಕಡಿಮೆ. ಒಂಬತ್ತೂ ಸೇರಿಸಿದರೆ ಹೆಚ್ಚಿಗೆ ಬೇಕಾಗುವ ಕಾಂಕ್ರೀಟು ಸುಮಾರು 2.5 ಘನ ಮೀಟರ್. ಆರು ಘನ ಮೀಟರ್ ತರುವ ಮಿಕ್ಸರ್ ಗಾಡಿಯ ಅರ್ಧವೂ ಅಲ್ಲ. ಜೊತೆಗೆ ಅದರ ಕಬ್ಬಿಣ, ಅದರ ಅಗೆತ. ಇಷ್ಟನ್ನು ಇವತ್ತು ಉಳಿಸಿದವರು ಹತ್ತು ವರ್ಷದ ನಂತರ ನನ್ನ ಹತ್ತಿರ ಬಂದಾಗ "ಮೇಲೆ ಕಟ್ಟಬೇಡಿ" ಅಂತ ಹೇಳಬೇಕಾಗುತ್ತದೆ. ಹೇಳುವುದಕ್ಕೆ ನನಗೂ ಸಂಕಟ ಆಗುತ್ತದೆ.

ನಮ್ಮ ಸೈಟಿನಲ್ಲಿ ಕಪ್ಪು ಮಣ್ಣು ಇದೆ. ಲೆಕ್ಕ ಬದಲಾಗುತ್ತದೆಯೇ?

ಹೌದು. ನಮ್ಮ ಕಡೆಯ ಎರೆಮಣ್ಣೇ ಅದು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲೆ ಫೂಟಿಂಗ್ ಕೂರಿಸಬಾರದು. ಪುಣೆಯ ಕೆಳಗೆ ಇರುವುದು ಲಾವಾ ಆರಿ ಆದ ಕರಿಕಲ್ಲು. ಅದರ ಮೇಲೆ ಸವೆದ ಕಲ್ಲಿನ ಮುರುಮ್, ಅದರ ಮೇಲೆ ಮಣ್ಣು. ಮುರುಮ್ ಎರಡು ಅಡಿಗೇ ಸಿಗಬಹುದು, ನದಿ ಹಳ್ಳದ ಹತ್ತಿರ ಹತ್ತು ಅಡಿಗೆ ಹೋಗಬೇಕಾಗಬಹುದು. ಪಕ್ಕದ ಸೈಟಿನವರು ಹೇಳಿದ ಆಳ ನಂಬಬೇಡಿ. ನಿಮ್ಮ ಸೈಟಿನಲ್ಲೇ ಎರಡು ಮೂಲೆಗೆ ಗುಂಡಿ ತೋಡಿಸಿ ನೋಡಿ, ಆಮೇಲೆ ಡ್ರಾಯಿಂಗ್ ಮಾಡಿಸಿ.

ಕಂಟ್ರಾಕ್ಟರ್ "ಕಾಲಂ ದಪ್ಪ ಮಾಡಿದ್ದೇನೆ, ಮೇಲೆ ಎಷ್ಟು ಬೇಕಾದರೂ ಕಟ್ಟಿ" ಅಂತಾರೆ. ನಂಬಬಹುದೇ?

ಕಾಲಂ ಕಣ್ಣಿಗೆ ಕಾಣುತ್ತದೆ, ಫೂಟಿಂಗ್ ಕಾಣುವುದಿಲ್ಲ. ದಪ್ಪ ಕಾಲಂ ಕೆಳಗೆ ಸಣ್ಣ ಫೂಟಿಂಗ್ ಇಟ್ಟ ಮನೆಗಳನ್ನು ನಾನೇ ಅಗೆದು ನೋಡಿದ್ದೇನೆ.

ಕಾಲಂನ ವಿಷಯದಲ್ಲೂ ಒಂದು ಮಾತು. ಗೋಡೆಯೊಳಗೆ ಮುಚ್ಚಿಹೋಗಲಿ ಅಂತ 230 ಮಿಲಿಮೀಟರ್ ಅಗಲದ ಕಾಲಂ ಹಾಕುವ ರೂಢಿ ಇಲ್ಲಿ ಬಲವಾಗಿದೆ. ಭೂಕಂಪಕ್ಕೆ ತಕ್ಕಂತೆ ಕಬ್ಬಿಣ ಕಟ್ಟುವ ಬಗ್ಗೆ ಹೇಳುವ ಭಾರತೀಯ ಮಾನಕ ಐಎಸ್ 13920, ಅದರ 2016ರ ಆವೃತ್ತಿ, ಕಾಲಂನ ಚಿಕ್ಕ ಬದಿ 300 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಅನ್ನುತ್ತದೆ. 1967ರ ಕೊಯ್ನಾ ಭೂಕಂಪವನ್ನು ಪುಣೆಯ ಹಳಬರು ಇನ್ನೂ ಮರೆತಿಲ್ಲ. ಮೇಲೊಂದು ಮಹಡಿ ಬಂದರೆ ತೂಕ ಮೇಲಕ್ಕೆ ಹೋಗುತ್ತದೆ, ನೆಲ ಅಲುಗಾಡಿದಾಗ ಕೆಳಗಿನ ಕಾಲಂಗೆ ಬೀಳುವ ಹೊಡೆತವೂ ಹೆಚ್ಚುತ್ತದೆ. ಹಾಗಾಗಿ ಡಿಸೈನ್ ಮಾಡಿಸುವಾಗಲೇ ಇಂಜಿನಿಯರಿಗೆ "ಎರಡು ಮಹಡಿಗೆ ಡಿಸೈನ್ ಮಾಡಿ, ಈಗ ಒಂದೇ ಕಟ್ಟುತ್ತೇವೆ" ಅಂತ ಸ್ಪಷ್ಟವಾಗಿ ಹೇಳಿ. ಡ್ರಾಯಿಂಗಿನ ಮೇಲೂ ಹಾಗೆಯೇ ಬರೆಸಿ.

ಟೆರೇಸಿನ ಮೇಲೆ ಕಾಲಂ ಸರಳು ಎಷ್ಟು ಉದ್ದ ಬಿಡಬೇಕು?

ಇದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ಹೆಚ್ಚು ತಪ್ಪಾಗುವುದೂ ಇಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಹಳೆ ಸರಳಿಗೆ ಹೊಸ ಸರಳು ಜೋಡಿಸುವಾಗ ಎರಡೂ ಒಂದರ ಪಕ್ಕ ಒಂದು ಇಷ್ಟು ಉದ್ದ ಅಂತ ಇರಬೇಕು. ಅದನ್ನು ಲ್ಯಾಪ್ ಅನ್ನುತ್ತಾರೆ. ಸೈಟಿನಲ್ಲಿ ಸಾಮಾನ್ಯವಾಗಿ ಸರಳಿನ ದಪ್ಪದ 50 ಪಟ್ಟು ಹಿಡಿಯುತ್ತಾರೆ. 16 ಎಂಎಂ ಸರಳಿಗೆ 800 ಮಿಲಿಮೀಟರ್, ಅಂದರೆ ಎರಡೂವರೆ ಅಡಿಗಿಂತ ಸ್ವಲ್ಪ ಜಾಸ್ತಿ. ಟೆರೇಸ್ ಮೇಲೆ ಒಂದೂವರೆ ಅಡಿ ಸರಳು ನಿಲ್ಲಿಸಿ "ಮುಂದಕ್ಕೆ ಬಿಟ್ಟಿದ್ದೇವೆ" ಅಂದರೆ ಅದು ಲ್ಯಾಪ್‌ಗೂ ಸಾಲದು.

ಇನ್ನೊಂದು ವಿಷಯ ಎಷ್ಟೋ ಗೌಂಡಿಗಳಿಗೂ ಗೊತ್ತಿರುವುದಿಲ್ಲ. ಲ್ಯಾಪ್ ಕಾಲಂನ ಬುಡದಲ್ಲಿ ಇರಬಾರದು. ಭೂಕಂಪದಲ್ಲಿ ಕಾಲಂ ಹೆಚ್ಚು ಬಾಗುವುದು ಬುಡದಲ್ಲಿ ಮತ್ತು ತುದಿಯಲ್ಲಿ. ಅದಕ್ಕೇ ಐಎಸ್ 13920 ಲ್ಯಾಪನ್ನು ಕಾಲಂನ ನಡುವಿನ ಅರ್ಧ ಭಾಗದಲ್ಲಿ ಮಾತ್ರ ಇಡಿ ಅನ್ನುತ್ತದೆ, ಅದೂ ಎಲ್ಲ ಸರಳುಗಳನ್ನು ಒಂದೇ ಮಟ್ಟದಲ್ಲಿ ಜೋಡಿಸಬೇಡಿ ಅನ್ನುತ್ತದೆ. ಬೀಮಿನ ಕೆಳಗೆ 2.6 ಮೀಟರ್ ಎತ್ತರದ ಕಾಲಂ ಆದರೆ ನಡುವಿನ ಅರ್ಧ ಅಂದರೆ 0.65 ಮೀಟರಿನಿಂದ 1.95 ಮೀಟರಿನ ತನಕ. ಹಾಗಾಗಿ ಲ್ಯಾಪ್ ಮಾಡುವುದಾದರೆ ಕನಿಷ್ಠ ಒಂದೂವರೆ ಮೀಟರ್ ಸರಳು ಟೆರೇಸಿನ ಮೇಲೆ ನಿಲ್ಲಬೇಕು.

ನಾನು ಮಾಡಿಸುವುದು ಹೀಗೆ. ಮೇಲಿನ ಕಾಲಂನ ಮೊದಲ ಒಂದು ಮೀಟರನ್ನು ಈಗಲೇ ಒಳ್ಳೆ ಕಾಂಕ್ರೀಟಿನಲ್ಲಿ, ರಿಂಗು ಹತ್ತಿರ ಹತ್ತಿರ ಹಾಕಿ, ಪೂರ್ತಿಯಾಗಿ ಕಟ್ಟಿಸಿಬಿಡುತ್ತೇನೆ. ಟೆರೇಸಿನ ಪ್ಯಾರಾಪೆಟ್ ಹೇಗಿದ್ದರೂ ಸುಮಾರು ಒಂದು ಮೀಟರ್ ಇರುತ್ತದೆ, ಅಂಚಿನ ಎಂಟು ಕಾಲಂ ಅದರೊಳಗೆ ಸೇರಿಹೋಗುತ್ತವೆ. ನಡುವಿನ ಒಂದು ಮಾತ್ರ ಒಂಟಿಯಾಗಿ ನಿಲ್ಲುತ್ತದೆ. ಆ ಒಂದು ಮೀಟರಿನ ಮೇಲೆ ಅರ್ಧದಷ್ಟು ಸರಳು 800 ಮಿಲಿಮೀಟರ್ ನಿಲ್ಲಿಸಿ, ಉಳಿದರ್ಧಕ್ಕೆ ಬೇರೆ ಮಟ್ಟದಲ್ಲಿ ಎರಡು ಸರಳು ಜೋಡಿಸುವ, ಥ್ರೆಡ್ ಇರುವ ಕೊಳವೆ, ಅಂದರೆ ಕಪ್ಲರ್ ಹಾಕಿ ಮುಚ್ಚಳ ತಿರುಗಿಸಿ ಬಿಡಬಹುದು. ಕಪ್ಲರ್‌ಗೂ ಮಾನಕ ಇದೆ, ಐಎಸ್ 16172. ಲ್ಯಾಪ್ ತಾನಾಗೇ ನಡುವಿನ ಭಾಗಕ್ಕೆ ಬರುತ್ತದೆ. ಕಾಲಂನ ಬುಡ ಮಳೆಗೆ ಸಿಗುವುದಿಲ್ಲ. ಇದು ದುಬಾರಿ ಕೆಲಸವಲ್ಲ, ಒಂಬತ್ತು ಮೋಟು ಕಂಬದ ಕಾಂಕ್ರೀಟು ಅಷ್ಟೇ.

ಆ ಸರಳು ಹತ್ತು ವರ್ಷ ಮಳೆಯಲ್ಲಿ ನಿಂತರೆ ಏನಾಗುತ್ತದೆ?

ನಮ್ಮ ಅಕ್ಕನ ಮನೆಯ ಕಥೆ ಹೇಳುತ್ತೇನೆ. ನಾನು ಪುಣೆಗೆ ಬರುವ ಮೊದಲೇ ಕಟ್ಟಿದ ಮನೆ. ಒಂಬತ್ತು ಮಳೆಗಾಲ ಕಳೆದ ಮೇಲೆ ಅಕ್ಕ "ಮೇಲೆ ರೂಮು ಹಾಕೋಣ, ಸರಳು ಬಿಟ್ಟಿದ್ದಾರಲ್ಲಪ್ಪ" ಅಂದಳು. ಟೆರೇಸಿಗೆ ಹೋಗಿ ನೋಡಿದೆ. ಸರಳುಗಳನ್ನು ಹಾಗೇ ಬರಿಮೈಯಲ್ಲಿ ಬಿಟ್ಟಿದ್ದರು. ಬಟ್ಟೆ ಒಣಗಿಸಲು ಅಡ್ಡ ಅಂತ ಕೆಲವನ್ನು ಬಗ್ಗಿಸಿ ಮಲಗಿಸಿದ್ದರು. ಉಗುರಿನಿಂದ ಕೆರೆದರೆ ತುಕ್ಕು ಹಪ್ಪಳದ ಚೂರಿನ ಹಾಗೆ ಪದರು ಪದರಾಗಿ ಕಳಚಿತು. ತಂತಿ ಬ್ರಷ್ಷಿನಿಂದ ಉಜ್ಜಿ ವರ್ನಿಯರ್ ಇಟ್ಟು ಅಳೆದೆ. ಹೆಚ್ಚು ಕೆಟ್ಟಿದ್ದ 16 ಎಂಎಂ ಸರಳು 13.5ಕ್ಕೆ ಇಳಿದಿತ್ತು.

ಎರಡೂವರೆ ಮಿಲಿಮೀಟರ್ ತಾನೇ ಅನ್ನಿಸಬಹುದು. ಆದರೆ ಬಲ ಬರುವುದು ಅಡ್ಡ ಕೊಯ್ದ ವಿಸ್ತೀರ್ಣದಿಂದ. 13.5ನ್ನು 16ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ 0.71. ಅಂದರೆ ನೂರರಲ್ಲಿ 29 ಪಾಲು ಕಬ್ಬಿಣ ಹೋಗಿತ್ತು. ಅತಿ ಕೆಟ್ಟ ಜಾಗ ಯಾವಾಗಲೂ ಸರಳು ಕಾಂಕ್ರೀಟಿನಿಂದ ಹೊರಬರುವ ಬುಡದ ಒಂದೆರಡು ಇಂಚು. ನೀರು ನಿಲ್ಲುವುದು ಅಲ್ಲೇ. ಹೊಸ ಸರಳಿನ ಜೋರು ಹಳೆಯದಕ್ಕೆ ದಾಟಬೇಕಾದದ್ದೂ ಅದೇ ದಾರಿಯಲ್ಲಿ.

ಬಗ್ಗಿಸಿದ ಸರಳುಗಳು ಇನ್ನೂ ಕಷ್ಟ. ಟಿಎಂಟಿ ಸರಳಿನ ಹೊರಪದರ ಗಟ್ಟಿ. ಒಮ್ಮೆ ಚೂಪಾಗಿ ಬಗ್ಗಿಸಿ ಮತ್ತೆ ನೆಟ್ಟಗೆ ಮಾಡಿದರೆ ಆ ಜಾಗದಲ್ಲಿ ಸಣ್ಣ ಬಿರುಕು ಬೀಳುತ್ತದೆ. ಅಕ್ಕನ ಮನೆಯಲ್ಲಿ ಒಂದು ಸರಳನ್ನು ನೆಟ್ಟಗೆ ಮಾಡಲು ಹೋದಾಗ ಕೈಯಲ್ಲೇ ಮುರಿದು ಬಂತು.

ಕೊನೆಗೆ ಐದು ಕಾಲಂಗಳ ಸರಳು ಮೇಲ್ಮೈ ತುಕ್ಕು ಮಾತ್ರ ಇದ್ದದ್ದರಿಂದ ಉಜ್ಜಿ ಉಳಿಸಿಕೊಂಡೆವು. ನಾಲ್ಕು ಕಾಲಂಗೆ ತಲೆಯಿಂದ ಕೆಳಕ್ಕೆ ಕೊರೆದು, ಧೂಳು ಊದಿ ತೆಗೆದು, ಎಪಾಕ್ಸಿ ತುಂಬಿ ಹೊಸ ಸರಳು ನಿಲ್ಲಿಸಬೇಕಾಯಿತು. ಕಾಲಂನ ತಲೆ ಅಂದರೆ ನಾಲ್ಕೂ ಕಡೆಯ ಬೀಮಿನ ಕಬ್ಬಿಣ ಸೇರುವ ಜಾಗ. ಡ್ರಿಲ್ ಹೋದಲ್ಲೆಲ್ಲ ಸರಳಿಗೆ ತಗುಲುತ್ತಿತ್ತು, ಮೂರು ತೂತು ಪಕ್ಕಕ್ಕೆ ಸರಿಸಿದೆವು. ಕೆಲಸ ಆಯಿತು, ಎಳೆದು ಪರೀಕ್ಷೆ ಮಾಡಿಯೂ ನೋಡಿದೆವು. ಆದರೆ ಮೊದಲೇ ಮುಚ್ಚಿಟ್ಟಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಹಾಗಾದರೆ ಹೇಗೆ ಮುಚ್ಚಿಡಬೇಕು? ಪ್ಲಾಸ್ಟಿಕ್ ಸುತ್ತಿದರೆ ಸಾಕಾ?

ಸಾಲದು. ಪ್ಲಾಸ್ಟಿಕ್ ಒಳಗೆ ತೇವ ಸಿಕ್ಕಿಕೊಳ್ಳುತ್ತದೆ, ಬಿಸಿಲಿಗೆ ಹರಿದೂ ಹೋಗುತ್ತದೆ. ಬರೀ ಸಿಮೆಂಟ್ ಹಾಲು ಹಚ್ಚಿದರೂ ಒಂದೆರಡು ಮಳೆಗಾಲಕ್ಕೆ ಉದುರುತ್ತದೆ.

ಸರಳು ಹೊಸದಾಗಿರುವಾಗಲೇ ಉಜ್ಜಿ, ಪಾಲಿಮರ್ ಬೆರೆಸಿದ ಸಿಮೆಂಟ್ ಲೇಪ ಎರಡು ಸಲ ಹಚ್ಚಿ. ಆಮೇಲೆ ಸುತ್ತ ಹಲಗೆ ಕಟ್ಟಿ ಬಡ ಕಾಂಕ್ರೀಟು ತುಂಬಿಸಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ. ಎಲ್ಲ ಕಡೆಗೂ ಎರಡು ಇಂಚು ಹೊದಿಕೆ ಬರಲಿ. ತಲೆಯನ್ನು ನೀರು ಇಳಿದುಹೋಗುವ ಹಾಗೆ ಇಳಿಜಾರು ಮಾಡಿ, ಹೊರಗೆ ಪ್ಲಾಸ್ಟರ್ ಮಾಡಿಸಿ. ಕಾಂಕ್ರೀಟಿನ ಕ್ಷಾರ ಗುಣ ಸರಳನ್ನು ತುಕ್ಕಿನಿಂದ ಕಾಯುತ್ತದೆ. ಬಡ ಮಿಶ್ರಣವಾದ್ದರಿಂದ ಮುಂದೆ ಸುತ್ತಿಗೆ ಉಳಿಯಿಂದ ಸುಲಭವಾಗಿ ಒಡೆಯುತ್ತದೆ, ಒಳಗಿನ ಸರಳಿಗೆ ಪೆಟ್ಟಾಗುವುದಿಲ್ಲ. ಅದರಲ್ಲಿ ಬಿರುಕು ಕಂಡರೆ ಅಥವಾ ಕೆಂಪು ಕಲೆ ಇಳಿದಿದ್ದು ಕಂಡರೆ ಆ ವರ್ಷವೇ ತೇಪೆ ಹಾಕಿಸಿ.

ನಾವಿರುವುದು ಗೋವಾದಲ್ಲಿ, ಸಮುದ್ರದ ಹತ್ತಿರ. ಇದೇ ಸಾಕಾ?

ಉಪ್ಪು ಗಾಳಿಗೆ ಬಡ ಕಾಂಕ್ರೀಟು ಸಾಲದು. ಅದರ ಸಣ್ಣ ರಂಧ್ರಗಳಲ್ಲಿ ಉಪ್ಪು ಒಳಗೆ ಇಳಿಯುತ್ತದೆ. ಅಲ್ಲಿ ನಾನು ಸರಳು ಹೊರಗೆ ಬಿಡುವುದೇ ಬೇಡ ಅನ್ನುತ್ತೇನೆ. ಎಲ್ಲ ಸರಳಿಗೂ ಕಪ್ಲರ್ ಹಾಕಿ, ಗ್ರೀಸ್ ತುಂಬಿ ಮುಚ್ಚಳ ಹಾಕಿ, ಅದರ ಮೇಲೆ ಒಳ್ಳೆ ಗಾರೆಯ ಟೋಪಿ ಮಾಡಿಸಿ. ಮತ್ತೆ, ಗೋವಾದ ಹಳೆ ಮನೆಗಳು ಕೆಂಪು ಕಲ್ಲಿನ ಗೋಡೆಯ ಮೇಲೇ ನಿಂತಿರುತ್ತವೆ, ಕಾಲಂ ಇರುವುದಿಲ್ಲ. ಅವುಗಳ ಮೇಲೆ ಮಹಡಿ ಏರಿಸುವುದು ಬೇರೆಯೇ ಲೆಕ್ಕ, ಇಲ್ಲಿ ಹೇಳಿದ್ದು ಅದಕ್ಕೆ ಹೊಂದುವುದಿಲ್ಲ.

ಮುಂಬೈನಲ್ಲಿ ನಮ್ಮದು ಫ್ಲ್ಯಾಟು, ಮೇಲಿನದೇ ಮಹಡಿ. ಟೆರೇಸಿನಲ್ಲಿ ರೂಮು ಹಾಕಬಹುದೇ?

ಇಲ್ಲ. ಟೆರೇಸ್ ಸೊಸೈಟಿಯದು, ಕಟ್ಟಡದ ಪಾಯವೂ ಆ ರೂಮಿಗೆ ಲೆಕ್ಕ ಹಾಕಿದ್ದಲ್ಲ.

ಟೆರೇಸ್ ಸ್ಲ್ಯಾಬೇ ಮುಂದೆ ಮೇಲಿನ ಮನೆಯ ನೆಲ ಆಗುತ್ತದೆ. ಅದಕ್ಕೆ ಬೇರೆ ಏನಾದರೂ ಮಾಡಬೇಕೇ?

ಎರಡು ವಿಷಯ. ಮೊದಲನೆಯದು ಗೋಡೆಯ ಭಾರ. ಮೇಲಿನ ಗೋಡೆ ಎಲ್ಲಿ ಬರುತ್ತದೆ ಅಂತ ಈಗಲೇ ಪೆನ್ಸಿಲ್ಲಿನಲ್ಲಾದರೂ ಗೆರೆ ಹಾಕಿ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೂರು ಮೀಟರ್ ಎತ್ತರ, ಒಂದು ಮೀಟರ್ ಉದ್ದಕ್ಕೆ ಹತ್ತಿರ ಹತ್ತಿರ 1.35 ಟನ್ ತೂಗುತ್ತದೆ. ಅದರ ಕೆಳಗೆ ಬೀಮು ಇರಲೇಬೇಕು. ಒಳಗಿನ ಗೋಡೆಗಳನ್ನು ಆರು ಇಂಚಿನ ಎಎಸಿ ಬ್ಲಾಕಿನಲ್ಲಿ ಕಟ್ಟಿದರೆ ಪ್ಲಾಸ್ಟರ್ ಸೇರಿ ಅದರ ಮೂರನೇ ಒಂದು ಪಾಲಿಗೆ ಬರುತ್ತದೆ. "ಮೇಲೆ ಹೇಗೆ ಬೇಕಾದರೂ ರೂಮು ಮಾಡಿಕೊಳ್ಳೋಣ" ಅನ್ನುವವರಿಗೆ ನನ್ನ ಸಲಹೆ: ಹೊರಗೋಡೆ ಬೀಮಿನ ಮೇಲೆ, ಒಳಗೋಡೆ ಎಎಸಿಯಲ್ಲಿ. ಸ್ಲ್ಯಾಬನ್ನು ಆ ಹಗುರ ಗೋಡೆಗೆ ತಕ್ಕಂತೆ ಈಗಲೇ ಡಿಸೈನ್ ಮಾಡಿಸಿ.

ಎರಡನೆಯದು ಮಟ್ಟ. ಇಲ್ಲಿ ಟೆರೇಸಿಗೆ ಇಟ್ಟಿಗೆ ಚೂರಿನ ಕೋಬಾ ಹಾಕುತ್ತಾರೆ, ನಾಲ್ಕೈದು ಇಂಚು ದಪ್ಪ. ಅದರ ತೂಕವೇ ಚದರ ಮೀಟರಿಗೆ ಇನ್ನೂರು ಕಿಲೋ ದಾಟುತ್ತದೆ. ಮುಂದೆ ಅದನ್ನು ಕಿತ್ತು ಟೈಲ್ಸ್ ಹಾಕುತ್ತೀರೋ, ಅದರ ಮೇಲೇ ಹಾಕುತ್ತೀರೋ ಅಂತ ಈಗಲೇ ನಿರ್ಧರಿಸಿ. ಕಿತ್ತರೆ ನೆಲ ಕೆಳಗಿಳಿಯುತ್ತದೆ, ಮೆಟ್ಟಿಲಿನ ಕೊನೆಯ ಹೆಜ್ಜೆ ಬೇರೆ ಎತ್ತರಕ್ಕೆ ಬರುತ್ತದೆ, ರಾತ್ರಿ ಇಳಿಯುವವರು ಅಲ್ಲೇ ಎಡವುತ್ತಾರೆ. ಏನು ಮಾಡಿದರೂ ಸ್ಲ್ಯಾಬನ್ನೇ ಇಳಿಜಾರಾಗಿ ಹಾಕಿಸಬೇಡಿ. ಇಳಿಜಾರು ಕೋಬಾದಲ್ಲಿ ಮಾತ್ರ ಇರಲಿ.

ಸರಳು ಬಿಟ್ಟ ಜಾಗದಲ್ಲಿ ಕೆಳಗೆ ಸೋರುತ್ತಿದೆ. ಯಾಕೆ?

ಯಾಕೆಂದರೆ ವಾಟರ್‌ಪ್ರೂಫಿಂಗ್ ಪದರನ್ನು ಸರಳು ಚುಚ್ಚಿಕೊಂಡು ಬಂದಿದೆ. ಸರಳಿನ ಗುಂಟ ನೀರು ನೇರ ಬೀಮಿನೊಳಗೆ ಇಳಿಯುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಕೆಳಗಿನ ರೂಮಿನಲ್ಲಿ ಕಾಲಂ ಮತ್ತು ಬೀಮು ಸೇರುವ ಮೂಲೆಯಲ್ಲಿ ಹಳದಿ ಉಂಗುರದ ಹಾಗೆ ಒದ್ದೆ ಕಲೆ ಕಾಣಿಸುತ್ತದೆ. ಬಣ್ಣದವರನ್ನು ಕರೆಸಬೇಡಿ, ಟೆರೇಸಿಗೆ ಹೋಗಿ ಕಾಲಂನ ಬುಡ ನೋಡಿ. ನಾನು ಹೇಳಿದ ಒಂದು ಮೀಟರಿನ ಮೋಟು ಕಂಬ ಇದ್ದರೆ ಕೋಬಾವನ್ನು ಅದರ ಮೇಲೆ ಒಂದು ಅಡಿ ಏರಿಸಿ, ಮೂಲೆಗೆ ಗುಂಡಾಗಿ ವಾಟಾ ಮಾಡಿಸಬಹುದು. ಬರೀ ಸರಳಿಗೆ ವಾಟಾ ಮಾಡಲು ಆಗುವುದಿಲ್ಲ ಅಲ್ವಾ?

ಮೆಟ್ಟಿಲು ಎಲ್ಲಿ ಇಡಬೇಕು? ತಲೆಯ ಮೇಲೆ ಸ್ಲ್ಯಾಬ್ ಹಾಕಿಬಿಡಲೇ?

ಮೇಲಿನ ಮನೆಯವರು ನಿಮ್ಮ ನಡುಮನೆ ದಾಟದೆ ಹತ್ತುವ ಹಾಗೆ ಮೆಟ್ಟಿಲು ಮುಂದಿನ ಬಾಗಿಲ ಹತ್ತಿರ ಇರಲಿ. ನಾಳೆ ಬಾಡಿಗೆಗೆ ಕೊಟ್ಟರೂ ಅನುಕೂಲ. ಸುತ್ತ ಬಿಡಬೇಕಾದ ಖಾಲಿ ಜಾಗದಲ್ಲಿ ಆಮೇಲೆ ಕಬ್ಬಿಣದ ಮೆಟ್ಟಿಲು ಹಾಕಿಕೊಳ್ಳುತ್ತೇವೆ ಅನ್ನಬೇಡಿ. ಅದು ಮಾರ್ಜಿನ್ ಜಾಗ, ಅಲ್ಲಿ ಕಟ್ಟಿದ್ದು ಪಾಸಾಗುವುದು ಕಷ್ಟ.

ತಲೆಯ ಮೇಲಿನ ಸ್ಲ್ಯಾಬ್ ಮಾತ್ರ ಹಾಕಿಸಬೇಡಿ. ಈಗ ಮೆಟ್ಟಿಲು ಟೆರೇಸಿಗೆ ಮುಗಿಯುತ್ತದೆ, ಮಳೆ ಬೀಳದಿರಲಿ ಅಂತ ಎಂಟು ಅಡಿ ಎತ್ತರಕ್ಕೆ ಸ್ಲ್ಯಾಬ್ ಹಾಕುತ್ತಾರೆ. ಮೇಲಿನ ಮನೆ ಬಂದಾಗ ಮೆಟ್ಟಿಲು ಇನ್ನೂ ಒಂದು ಮಹಡಿ ಏರಬೇಕು, ಆಗ ಈ ಸ್ಲ್ಯಾಬ್ ಸರಿಯಾಗಿ ತಲೆಗೆ ಅಡ್ಡ ಬರುತ್ತದೆ. ಅದನ್ನು ಒಡೆಯುವುದೇ ಒಂದು ವಾರದ ಕೆಲಸ. ಕಬ್ಬಿಣದ ಚೌಕಟ್ಟಿಗೆ ಪತ್ರಾ ಹಾಕಿಸಿ, ಬೋಲ್ಟ್ ಬಿಚ್ಚಿದರೆ ಕಳಚುವ ಹಾಗಿರಲಿ. ಮುಂದಿನ ಮೆಟ್ಟಿಲಿನ ಮೊದಲ ಹೆಜ್ಜೆ ಶುರುವಾಗುವ ಬೀಮಿನಿಂದ ಅದರ ಸರಳಿಗೆ ಕಪ್ಲರ್ ಬಿಟ್ಟಿರಿ.

ಮೇಲಿನ ಬಾತ್‌ರೂಮಿಗೆ ಈಗಲೇ ಸ್ಲ್ಯಾಬ್ ತಗ್ಗಿಸಬೇಕೇ?

ಎಷ್ಟೋ ಜನ ಹಾಗೆ ಮಾಡುತ್ತಾರೆ, ನಾನು ಬೇಡ ಅನ್ನುತ್ತೇನೆ. ಒಂದು ಅಡಿ ತಗ್ಗಿಸಿದ ಸ್ಲ್ಯಾಬ್ ಟೆರೇಸಿನಲ್ಲಿ ಹತ್ತು ವರ್ಷ ಬಿದ್ದಿರಬೇಕು. ಅದನ್ನು ಚೂರು ಇಟ್ಟಿಗೆ ತುಂಬಿ ಮುಚ್ಚಿದರೂ ಒಳಗೆ ನೀರು ಕೂತರೆ ಹೊರಬರಲು ದಾರಿಯಿಲ್ಲ.

ಮೇಲಿನ ಬಾತ್‌ರೂಮು ಕೆಳಗಿನದರ ನೇರ ಮೇಲೆಯೇ ಬರಲಿ. ಸ್ಲ್ಯಾಬ್ ಸಮ ಇರಲಿ. ಪೈಪುಗಳು ಸ್ಲ್ಯಾಬಿನ ಕೆಳಗೆ ನೇತಾಡಲಿ, ಕೆಳಗಿನ ಬಾತ್‌ರೂಮಿನಲ್ಲಿ ಫಾಲ್ಸ್ ಸೀಲಿಂಗ್ ಹಾಕಿದರೆ ಮುಚ್ಚಿಹೋಗುತ್ತದೆ, ಸೋರಿದರೆ ಬಿಚ್ಚಿ ನೋಡಲೂ ಬಹುದು. ಅದಕ್ಕೆ ಈಗ ಮಾಡಬೇಕಾದದ್ದು ಇಷ್ಟೇ: ಸ್ಲ್ಯಾಬ್ ಹಾಕುವ ದಿನ ಕಮೋಡಿಗೆ ಒಂದು 110 ಎಂಎಂ ಪೈಪು ಹೋಗುವ ತೂತು, ನೆಲದ ಟ್ರ್ಯಾಪಿಗೆ ಇನ್ನೊಂದು. ತೂತಿನ ಸ್ಲೀವನ್ನು ಕೋಬಾದ ಮೇಲೆ ಅರ್ಧ ಅಡಿ ಎತ್ತರಿಸಿ ಮುಚ್ಚಳ ಅಂಟಿಸಿಡಿ. ಹೊರಗೋಡೆಯಲ್ಲಿರುವ ದೊಡ್ಡ ಸಂಡಾಸು ಪೈಪು ಹೇಗಿದ್ದರೂ ಗಾಳಿಗೆ ಟೆರೇಸಿನ ಮೇಲೆ ಹೋಗಿರುತ್ತದೆ. ಅದರಲ್ಲಿ ಸ್ಲ್ಯಾಬಿನ ಕೆಳಗೆ ಒಂದು ವೈ ಜಾಯಿಂಟ್ ಹಾಕಿ ಬಾಯಿ ಮುಚ್ಚಿ ಬಿಡಿ. ಈ ಪೈಪು 110 ಎಂಎಂ ಇದ್ದರೆ ಎರಡು ಬಾತ್‌ರೂಮಿಗೆ ಧಾರಾಳ ಸಾಕು. ಹೊರಗಿನ ಚೇಂಬರ್‌ನಿಂದ ರಸ್ತೆಗೆ ಹೋಗುವ ಪೈಪನ್ನು ಮಾತ್ರ ಈಗಲೇ ದೊಡ್ಡದು, 160 ಎಂಎಂ ಹಾಕಿಸಿ, ಯಾಕೆಂದರೆ ಅದರ ಮೇಲೆ ಪಾರ್ಕಿಂಗ್ ಟೈಲ್ಸ್ ಬರುತ್ತವೆ.

ನೀರಿನ ಟ್ಯಾಂಕು?

ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯಿರಿ. ನಾಲ್ಕು ಜನಕ್ಕೆ 540, ಏಳು ಜನಕ್ಕೆ 945. ಮೇಲಿನ ಟ್ಯಾಂಕ್ ಆಮೇಲೆ ಬದಲಾಯಿಸುವುದು ಸುಲಭ, ನೆಲದೊಳಗಿನ ಟ್ಯಾಂಕು ಹಾಗಲ್ಲ. ಅದನ್ನು ಏಳು ಜನಕ್ಕೆ, ಎರಡು ದಿನ ನೀರು ಬರದಿದ್ದರೂ ನಡೆಯುವ ಹಾಗೆ ಈಗಲೇ ಕಟ್ಟಿಸಿ. ಮೇಲಿನ ಟ್ಯಾಂಕನ್ನು ಸ್ಲ್ಯಾಬಿನ ನಡುವೆ ಇಡಬೇಡಿ. ಸಾವಿರ ಲೀಟರ್ ಅಂದರೆ ಒಂದು ಟನ್. ಕಾಲಂ ಹತ್ತಿರ, ಬೀಮಿನ ಮೇಲೆ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಇಡಿ. ಮುಂದೆ ಸ್ಟ್ಯಾಂಡ್ ಸಮೇತ ಮೇಲಕ್ಕೆ ಹೋಗುತ್ತದೆ.

ಕರೆಂಟಿಗೆ ಏನು ಬಿಡಬೇಕು?

ಖಾಲಿ ಪೈಪು ಬಿಡಿ, ವೈರು ಬೇಡ. ಹತ್ತು ವರ್ಷ ಬಿಟ್ಟು ಎಷ್ಟು ಎಸಿ ಬರುತ್ತದೆ, ಯಾವ ವೈರು ಬೇಕಾಗುತ್ತದೆ ಅಂತ ಈಗ ಯಾರಿಗೂ ಗೊತ್ತಿಲ್ಲ. ಮೀಟರ್ ಪೆಟ್ಟಿಗೆಯಿಂದ ಟೆರೇಸಿನ ತನಕ ಒಂದು 50 ಎಂಎಂ ಪೈಪು, ಇಂಟರ್ನೆಟ್ಟಿಗೆ ಮತ್ತು ಬೆಲ್ಲಿಗೆ ಬೇರೆಯೇ ಒಂದು 25 ಎಂಎಂ. ಚೂಪು ಎಲ್ಬೋ ಬೇಡ, ಉದ್ದನೆಯ ಬೆಂಡ್ ಹಾಕಿಸಿ. ಒಳಗೆ ನೈಲಾನ್ ಹಗ್ಗ ಬಿಟ್ಟು ಎರಡೂ ತುದಿ ಮುಚ್ಚಿಸಿ. ಪ್ಲಾಸ್ಟರ್ ಆಗುವ ಮೊದಲು ಹಗ್ಗ ಎಳೆದು ನೋಡಿ, ಸರಾಗವಾಗಿ ಬರಬೇಕು. ನಾನು ಒಂದು ಸೈಟಿನಲ್ಲಿ ಎಳೆದಾಗ ಹಗ್ಗ ಅಲ್ಲಾಡಲೇ ಇಲ್ಲ, ಸ್ಲ್ಯಾಬ್ ಹಾಕುವಾಗ ಪೈಪು ಕಾಲಿಗೆ ಸಿಕ್ಕಿ ಒಡೆದು ಒಳಗೆ ಸಿಮೆಂಟ್ ಹಾಲು ತುಂಬಿ ಗಟ್ಟಿಯಾಗಿತ್ತು. ಮೀಟರ್ ಪೆಟ್ಟಿಗೆಯಲ್ಲಿ ಇನ್ನೊಂದು ಮೀಟರಿಗೆ ಜಾಗ ಬಿಡಿ.

ಪರ್ಮಿಶನ್ ಎರಡು ಮಹಡಿಗೂ ಈಗಲೇ ತೆಗೆದುಕೊಳ್ಳಬೇಕೇ?

ಪ್ಲಾನನ್ನು ಎರಡೂ ಮಹಡಿಗೆ ಮಾಡಿಸಿ, ಸೈಟಿನಲ್ಲಿ ಕಟ್ಟಲು ಬಿಡುವ ಒಟ್ಟು ವಿಸ್ತೀರ್ಣ, ಅಂದರೆ ಎಫ್‌ಎಸ್‌ಐ ಉಳಿದಿದೆಯಾ ಅಂತ ನೋಡಿಕೊಳ್ಳಿ. ಆದರೆ ಈಗ ತೆಗೆದುಕೊಂಡ ಪರ್ಮಿಶನ್ ಹತ್ತು ವರ್ಷದ ನಂತರವೂ ನಡೆಯುತ್ತದೆ ಅಂದುಕೊಳ್ಳಬೇಡಿ. ಮಹಾರಾಷ್ಟ್ರದ ನಗರ ಯೋಜನೆಗೆ ಇರುವ 1966ರ ಎಂಆರ್‌ಟಿಪಿ ಕಾಯ್ದೆಯ 48ನೇ ಕಲಮಿನ ಪ್ರಕಾರ ಪರ್ಮಿಶನ್ ಒಂದು ವರ್ಷ ಇರುತ್ತದೆ, ಅದನ್ನು ವರ್ಷ ವರ್ಷ ಮುಂದುವರಿಸಬಹುದು, ಆದರೆ ಆ ಮುಂದುವರಿಕೆ ಒಟ್ಟು ಮೂರು ವರ್ಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಮೇಲಿನ ಮನೆಗೆ ಆಗಿನ ನಿಯಮದ ಪ್ರಕಾರ ಮತ್ತೆ ಅರ್ಜಿ ಹಾಕುವ ಲೆಕ್ಕವನ್ನೇ ಇಟ್ಟುಕೊಳ್ಳಿ. ಪುಣೆಯಲ್ಲಿ ಈಗ 2020ರಲ್ಲಿ ಬಂದ ಕಟ್ಟಡ ನಿಯಮಾವಳಿ ಯುಡಿಸಿಪಿಆರ್ ನಡೆಯುತ್ತಿದೆ. ಕೆಳಗಿನ ಮನೆಯ ಕಂಪ್ಲೀಶನ್ ಸರ್ಟಿಫಿಕೇಟ್ ಮಾತ್ರ ಬಿಡದೆ ತೆಗೆದುಕೊಳ್ಳಿ, ಮುಂದಿನ ಅರ್ಜಿಗೆ ಮೊದಲು ಕೇಳುವುದೇ ಅದು.

ನಮ್ಮದು ಆಗಲೇ ಕಟ್ಟಿದ ಮನೆ, ಡ್ರಾಯಿಂಗ್ ಕಳೆದುಹೋಗಿದೆ. ಮೇಲೆ ಕಟ್ಟಬಹುದಾ ಅಂತ ಹೇಗೆ ತಿಳಿಯುವುದು?

ಹೊರಗಿನಿಂದ ಒಂದು ಅಂಚಿನ ಕಾಲಂ ಪಕ್ಕ ಅಗೆಸಿ ಫೂಟಿಂಗ್‌ನ ಅಂಚು ಸಿಗುವ ತನಕ ಹೋಗಿ, ಅಳತೆ ತೆಗೆಯಿರಿ. ಕೆಳಗಿನ ಮಣ್ಣು ಏನು ಅಂತ ಅಲ್ಲೇ ಕಾಣುತ್ತದೆ. ಫೂಟಿಂಗ್ ಕೆಳಗೆ ಮಾತ್ರ ತೋಡಬೇಡಿ, ಮಳೆಗಾಲದಲ್ಲಂತೂ ಅಗೆಯಲೇಬೇಡಿ. ಕಾಲಂ ಒಳಗಿನ ಸರಳು ಎಷ್ಟು, ಎಲ್ಲಿ ಅಂತ ಕವರ್ ಮೀಟರ್ ತೋರಿಸುತ್ತದೆ, ಕಾಂಕ್ರೀಟಿನ ಗುಣ ಕೋರ್ ತೆಗೆದು ಲ್ಯಾಬಿಗೆ ಕೊಟ್ಟರೆ ತಿಳಿಯುತ್ತದೆ. ನಡುವಿನ ಕಾಲಂ ಮನೆಯೊಳಗಿರುವುದರಿಂದ ಅದರ ಫೂಟಿಂಗ್ ನೋಡಲು ಒಂದು ರೂಮಿನ ಟೈಲ್ಸ್ ಕೀಳಲೇಬೇಕು. ಹೆಚ್ಚು ಭಾರ ಹೊರುವುದು ಅದೇ, ಹಾಗಾಗಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಿದೆವು ಅಂದರೆ ನಾನು ಸಹಿ ಮಾಡುವುದಿಲ್ಲ.

ಹೊಸದಾಗಿ ಕಟ್ಟುವವರು ಫೂಟಿಂಗ್‌ಗೆ ಕಬ್ಬಿಣ ಕಟ್ಟಿದ ದಿನ, ಕಾಂಕ್ರೀಟು ಹಾಕುವ ಮೊದಲು, ಪ್ರತಿಯೊಂದಕ್ಕೂ ಟೇಪು ಹಿಡಿದು ಫೋಟೋ ತೆಗೆಯಿರಿ. ಚೀಟಿಯಲ್ಲಿ ಕಾಲಂ ನಂಬರ್ ಬರೆದು ಫೋಟೋದಲ್ಲಿ ಕಾಣುವ ಹಾಗೆ ಇಡಿ. ಸ್ಲ್ಯಾಬಿನೊಳಗಿನ ಪೈಪುಗಳದ್ದೂ ಹಾಗೆಯೇ. ಪ್ರಿಂಟ್ ಹಾಕಿಸಿ, ಡ್ರಾಯಿಂಗ್ ಮತ್ತು ಕ್ಯೂಬ್ ಟೆಸ್ಟ್ ರಿಪೋರ್ಟಿನ ಜೊತೆ ಮನೆಯ ಖರೀದಿ ಪತ್ರ ಇಟ್ಟ ಫೈಲಿನಲ್ಲೇ ಇಡಿ. ಫೋನು ಎರಡು ವರ್ಷಕ್ಕೆ ಬದಲಾಗುತ್ತದೆ, ಆ ಫೈಲನ್ನು ಯಾರೂ ಕಳೆಯುವುದಿಲ್ಲ.